ತೊಡು, ತೊಟ್ಟುಕೋ, ತೊಡಿಸು: ಹೀಬ್ರೂ ಬಿನ್ಯನ್‌ಗಳು ನನಗೆ ಅರ್ಥವಾದದ್ದು ಹೀಗೆ

ನಾನು ಉಡುಪಿ ಕಡೆಯವಳು. ಇಸ್ರೇಲಿನ ಹೈಫಾದಲ್ಲಿ ಒಬ್ಬ ಅಜ್ಜನನ್ನು ನೋಡಿಕೊಳ್ಳುವ ಕೆಲಸ. ಬಂದ ಮೊದಲ ವರ್ಷ, ಅಜ್ಜನಿಗೆ ಎಷ್ಟು ಹೊತ್ತಿನ ಆರೈಕೆ ಬೇಕು ಅಂತ ನೋಡಲು ಒಬ್ಬರು ಮನೆಗೆ ಬಂದಿದ್ದರು. ‘ಹು ಮಿತ್ಲಬೆಶ್?’ ಎಂದು ಕೇಳಿದರು. ಬಟ್ಟೆಯ ಮಾತು ಅಂತ ಗೊತ್ತಾಯಿತು. ‘ಕೆನ್, ಕೋಲ್ ಬೋಕೆರ್’ ಅಂದೆ. ಹೌದು, ದಿನಾ ಬೆಳಿಗ್ಗೆ. ಅವರು ಬರೆದುಕೊಂಡರು. ಪಕ್ಕದಲ್ಲಿದ್ದ ಅಜ್ಜನ ಮಗಳು ಗಾಬರಿಯಾಗಿ ನಡುವೆ ಬಾಯಿ ಹಾಕಿದರು: ‘ಲೋ, ಹಿ ಮಲ್ಬಿಶಾ ಓತೋ!’

ಕೇಳಿದ್ದು ‘ಅವರೇ ಬಟ್ಟೆ ತೊಟ್ಟುಕೊಳ್ಳುತ್ತಾರಾ?’ ಅಂತ. ನಾನು ಹೌದು ಅಂದುಬಿಟ್ಟಿದ್ದೆ. ಮಗಳು ಹೇಳಿದ್ದು ‘ಇಲ್ಲ, ಇವಳು ತೊಡಿಸುತ್ತಾಳೆ’ ಅಂತ. ಆ ದಿನ ಮಗಳು ಅಲ್ಲಿರದಿದ್ದರೆ ಅಜ್ಜನ ಆರೈಕೆಯ ಹೊತ್ತೇ ಕಡಿಮೆಯಾಗುತ್ತಿತ್ತು. ಎರಡೂ ಮಾತಿನಲ್ಲಿ ಇರುವುದು ಅವೇ ಮೂರು ಅಕ್ಷರ: ಲ, ಬ, ಶ. ಅವನ್ನು ಎರೆದ ಅಚ್ಚು ಮಾತ್ರ ಬೇರೆ.

ಆ ಅಚ್ಚನ್ನೇ ಹೀಬ್ರೂವಿನಲ್ಲಿ ಬಿನ್ಯನ್ ಅನ್ನುತ್ತಾರೆ, ಅಂದರೆ ಕಟ್ಟಡ. ಒಟ್ಟು ಏಳಿವೆ. ಏಳನ್ನೂ ಒಟ್ಟಿಗೆ ಬಾಯಿಪಾಠ ಮಾಡಲು ಹೋಗಿ ನನಗೆ ಏನೂ ಉಳಿಯಲಿಲ್ಲ. ಆಮೇಲೆ ಆ ಮೂರು ಅಕ್ಷರದ ಒಂದೇ ಬೇರನ್ನು ಹಿಡಿದು ನೋಟ್‌ಬುಕ್ಕಿನಲ್ಲಿ ಬರೆದೆ. ಲವಶ್ ಅಂದರೆ ತೊಟ್ಟ. ಅಂಗಿಯೋ ಕೋಟೋ ಏನನ್ನು ಅಂತ ಹೇಳಬೇಕು. ಹಿತ್ಲಬೆಶ್ ಅಂದರೆ ತಾನೇ ಬಟ್ಟೆ ತೊಟ್ಟುಕೊಂಡ. ಹಿಲ್ಬಿಶ್ ಅಂದರೆ ಇನ್ನೊಬ್ಬರಿಗೆ ತೊಡಿಸಿದ. (‘ವ’ ಮತ್ತು ‘ಬ’ ಇಲ್ಲಿ ಒಂದೇ ಅಕ್ಷರ, ಜಾಗ ನೋಡಿ ಉಚ್ಚಾರ ಬದಲಾಗುತ್ತದೆ.)

ಬರೆದು ನೋಡಿದಾಗ ಕನ್ನಡವೇ ಕಣ್ಣಿಗೆ ಬಿತ್ತು. ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನು ಹಿತ್ಲಬೆಶ್‌ನ ಅಚ್ಚಾದ ಹಿತ್ಪಎಲ್ ಮಾಡುತ್ತದೆ. ನಮ್ಮ ‘ಇಸು’ ಮಾಡುವುದನ್ನು ಹಿಲ್ಬಿಶ್‌ನ ಅಚ್ಚಾದ ಹಿಫ್‌ಇಲ್ ಮಾಡುತ್ತದೆ. ಉಣ್ಣು, ಉಣ್ಣಿಸು ಇದ್ದ ಹಾಗೆ ಅಖಲ್ ಅಂದರೆ ತಿಂದ, ಹೆಎಖಿಲ್ ಅಂದರೆ ತಿನ್ನಿಸಿದ. ನಾವು ಪದದ ಹಿಂದೆ ಅಂಟಿಸುತ್ತೇವೆ, ಅವರು ಮುಂದೆ ಸೇರಿಸಿ ಒಳಗಿನ ಸ್ವರವನ್ನೂ ಬದಲಿಸುತ್ತಾರೆ, ಅಷ್ಟೇ. ಕೆಲವೊಮ್ಮೆ ‘ಇಸು’ವಿನ ಕೆಲಸ ಇನ್ನೊಂದು ಅಚ್ಚಾದ ಪಿಎಲ್‌ಗೆ ಬರುತ್ತದೆ: ಲಮದ್ ಕಲಿತ, ಲಿಮೆದ್ ಕಲಿಸಿದ.

ಹೆಸರುಗಳನ್ನು ನೆನಪಿಟ್ಟುಕೊಳ್ಳಲು ಒಂದು ದಾರಿ ಸಿಕ್ಕಿತು. ಲವಶ್‌ನ ಅಚ್ಚಿನ ಹೆಸರು ಪಅಲ್, ಅಂದರೆ ‘ಮಾಡಿದ’. ಉಳಿದ ಹೆಸರುಗಳೆಲ್ಲ ಅದೇ ಬೇರನ್ನು ಆಯಾ ಅಚ್ಚಿಗೆ ಎರೆದದ್ದು. ಹಿಫ್‌ಇಲ್, ಹಿಲ್ಬಿಶ್: ಜೋರಾಗಿ ಹೇಳಿ ನೋಡಿ, ತಾಳ ಒಂದೇ ಅಲ್ವಾ? ಮಾತಿನಲ್ಲಿ ಮಾತ್ರ ನಾನು ಮೊದಲ ಸದ್ದಿಗೆ ಕಿವಿ ಕೊಡುತ್ತೇನೆ. ಈಗ ನಡೆಯುವ ಕೆಲಸಕ್ಕೆ ‘ಮಿತ್’ ಬಂದರೆ ಬಹುಮಟ್ಟಿಗೆ ತಾನೇ ಮಾಡಿಕೊಳ್ಳುವುದು, ‘ಮ’ ಬಂದರೆ ಮಾಡಿಸುವುದು. ಮಿತ್ಲಬೆಶ್, ಮಲ್ಬಿಶ್.

ಈ ಕಿವಿ ಒಂದು ಕಡೆ ಕೈಕೊಟ್ಟಿತು. ತಲೆ ಬಾಚಿಕೊಳ್ಳುವುದಕ್ಕೆ ಬೇರು ಸ, ರ, ಕ. ಹಾಗಾದರೆ ‘ಮಿತ್ಸರೆಕ್’ ಆಗಬೇಕು. ಆದರೆ ಎಲ್ಲರೂ ಹೇಳುವುದು ಮಿಸ್ತರೆಕ್. ಬೇರು ಸ ಅಥವಾ ಶ ದಿಂದ ಶುರುವಾದರೆ ಅದು ‘ತ’ದ ಜೊತೆ ಜಾಗ ಬದಲಿಸುತ್ತದೆ. ನಾನು ಎಷ್ಟೋ ದಿನ ‘ಸ, ತ, ರ, ಕ’ ಅಂತ ಇಲ್ಲದ ಬೇರನ್ನು ನಿಘಂಟಿನಲ್ಲಿ ಹುಡುಕುತ್ತಿದ್ದೆ.

ಪ್ಯಾಸಿವ್‌ಗೆ ನಾನು ಜಾಸ್ತಿ ಹೊತ್ತು ಕೊಡಲಿಲ್ಲ. ಪಿಎಲ್‌ಗೆ ಪುಅಲ್, ಹಿಫ್‌ಇಲ್‌ಗೆ ಹುಫ್‌ಅಲ್ ಜೋಡಿ. ಎರಡರಲ್ಲೂ ‘ಉ’ ಕೇಳಿಸುತ್ತದೆ. ಮನೆಮಾತಿನಲ್ಲಿ ಅವು ಕಡಿಮೆ. ನಾವು ‘ಹೇಳಲ್ಪಟ್ಟಿತು’ ಅನ್ನದೆ ‘ಹೇಳಿದರು’ ಅನ್ನುವ ಹಾಗೆ ಅವರೂ ‘ಅಮ್ರು ಲಿ’, ನನಗೆ ಹೇಳಿದರು, ಅನ್ನುತ್ತಾರೆ. ನಿಫ್‌ಅಲ್ ಮಾತ್ರ ದಿನಾ ಬೇಕು. ಶವರ್ತಿ ಅಂದರೆ ನಾನು ಒಡೆದೆ. ‘ಹಕೋಸ್ ನಿಶ್ಬೆರಾ’ ಅಂದರೆ ಲೋಟ ಒಡೆದುಹೋಯಿತು. ನಮ್ಮಲ್ಲಿ ಎರಡಕ್ಕೂ ‘ಒಡೆ’ ಒಂದೇ ಸಾಕು, ಇಲ್ಲಿ ಬಿನ್ಯನ್ ಬದಲಾಗಬೇಕು.

ಎಲ್ಲ ಬೇರೂ ಏಳು ಅಚ್ಚಿಗೂ ಇಳಿಯುವುದಿಲ್ಲ, ಅರ್ಥವೂ ಲೆಕ್ಕದಂತೆ ಬರುವುದಿಲ್ಲ. ನಿಖ್ನಸ್ ನಿಫ್‌ಅಲ್, ಆದರೆ ಅರ್ಥ ಸುಮ್ನೆ ‘ಒಳಗೆ ಬಂದ’. ಹಿತ್ಖಿಲ್ ಹಿಫ್‌ಇಲ್, ಅರ್ಥ ‘ಶುರುಮಾಡಿದ’. ಹಿತ್ಕತೆವ್ ಅಂದರೆ ತನಗೆ ತಾನೇ ಬರೆದುಕೊಂಡ ಅಂತಲ್ಲ, ಒಬ್ಬರಿಗೊಬ್ಬರು ಪತ್ರ ಬರೆಯುವುದು. ಹಾಗಾಗಿ ಹೊಸ ಪದ ಕೇಳಿದಾಗ ಅಚ್ಚಿನಿಂದ ಒಂದು ಊಹೆ ಮಾಡಿ, ಅಜ್ಜನನ್ನೇ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ.

ಮುಂದಿನ ಸಲ ಮತ್ತೊಬ್ಬರು ಅದೇ ಪ್ರಶ್ನೆ ತಂದರು. ಮಗಳು ಊರಲ್ಲಿರಲಿಲ್ಲ. ‘ಅನಿ ಮಲ್ಬಿಶಾ ಓತೋ’ ಅಂದೆ, ನಾನು ತೊಡಿಸುತ್ತೇನೆ. ಅಜ್ಜ ಬಾಚಣಿಗೆ ಎತ್ತಿ ತೋರಿಸಿದರು. ಅದನ್ನೂ ಸೇರಿಸಿದೆ: ‘ಅವಾಲ್ ಹು ಮಿಸ್ತರೆಕ್ ಲೆವದ್.’ ಆದರೆ ತಲೆ ಅವರೇ ಬಾಚಿಕೊಳ್ಳುತ್ತಾರೆ.