ತಂಡದ ಸಾಧನೆಯನ್ನು ಪಕ್ಕದ ವಿಭಾಗದವರೂ ಓದುವಂತೆ ಬರೆಯುವುದು ಹೇಗೆ?

‘ತಂಡದ ಅವಿರತ ಶ್ರಮದ ಫಲವಾಗಿ ಮಹತ್ತರ ಸಾಧನೆ ಮಾಡಲಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ.’ ಸಂಸ್ಥೆಯ ವಾರ್ತಾಪತ್ರದಲ್ಲಿ ಇಂಥ ಸಾಲು ಕಂಡರೆ ಆ ತಂಡದವರು ಫೋಟೊದಲ್ಲಿ ತಮ್ಮ ಮುಖ ಹುಡುಕುತ್ತಾರೆ. ಉಳಿದವರು ಮುಂದಿನ ಪುಟಕ್ಕೆ ಹೋಗುತ್ತಾರೆ. ತಪ್ಪು ಅವರದ್ದಲ್ಲ, ಆ ಸಾಲಿನಲ್ಲಿ ಅವರಿಗೆ ಏನೂ ಇಲ್ಲ.

ಹಾಸನದಲ್ಲಿ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಒಂದು ಕ್ಯೂರಿಂಗ್ ಘಟಕ ಎಂದಿಟ್ಟುಕೊಳ್ಳಿ. ಕೊಯ್ಲಿನ ಕಾಲದಲ್ಲಿ ಸಕಲೇಶಪುರ, ಬೇಲೂರು ಕಡೆಯಿಂದ ಬರುವ ಲಾರಿಗಳು ಗೇಟಿನ ಹೊರಗೆ ನಾಲ್ಕು ಗಂಟೆ ನಿಲ್ಲುತ್ತಿದ್ದವು. ಈಗ ಒಂದೂವರೆ ಗಂಟೆಯಲ್ಲಿ ಒಳಗೆ ಬರುತ್ತಿವೆ. ಇದು ಲಾರಿಗಳನ್ನು ಸರಕಿನ ಸಮೇತ ತೂಗುವ ತೂಕದ ಸೇತುವೆಯ ತಂಡದ ಸಾಧನೆ. ಇದನ್ನು ನೀವು ಬರೆಯಬೇಕು.

ಮೊದಲು ತಂಡದ ಹತ್ತಿರ ಹೋಗಬೇಡಿ. ಲೆಕ್ಕಪತ್ರ ವಿಭಾಗಕ್ಕೆ ಹೋಗಿ, ‘ಈ ಸೀಸನ್‌ನಲ್ಲಿ ನಿಮಗೇನಾದರೂ ವ್ಯತ್ಯಾಸ ಕಂಡಿತಾ?’ ಎಂದು ಕೇಳಿ. ‘ತೂಕದ ಚೀಟಿ ಸಂಜೆ ಆರಕ್ಕೆ ಒಟ್ಟಿಗೆ ಬಂದು ಬೀಳುತ್ತಿತ್ತು ಸಾರ್, ಈಗ ಮಧ್ಯಾಹ್ನದಿಂದಲೇ ಬರುತ್ತೆ’ ಅನ್ನಬಹುದು. ನಿಮ್ಮ ಬರಹದ ಮೊದಲ ಸಾಲು ಅಲ್ಲೇ ಸಿಕ್ಕಿತು. ಬೇರೆ ವಿಭಾಗದ ಯಾರಿಗೂ ಏನೂ ಬದಲಾಗಿಲ್ಲ ಅಂತಾದರೆ, ಎರಡು ಸಾಲಿನ ಅಭಿನಂದನೆ ಸಾಕು, ಸುಮ್ನೆ ಎಳೆಯಬೇಡಿ.

ಆಮೇಲೆ ತಂಡದವರನ್ನು ಮಾತಾಡಿಸಿ. ‘ಹೇಗನ್ನಿಸುತ್ತೆ?’ ಎಂದು ಕೇಳಿದರೆ ‘ತುಂಬಾ ಸಂತೋಷ’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಮೊದಲು ಏನು ಮಾಡುತ್ತಿದ್ದಿರಿ, ಈಗ ಯಾವ ಒಂದು ಕೆಲಸ ಬೇರೆ ಥರ ಮಾಡುತ್ತಿದ್ದೀರಿ, ಅದನ್ನು ಮೊದಲು ಹೇಳಿದ್ದು ಯಾರು ಎಂದು ಕೇಳಿ. ನಮ್ಮ ಉದಾಹರಣೆಯಲ್ಲಿ ಗುಟ್ಟು ಇಷ್ಟೇ: ಮೊದಲು ತೂಕವಾದ ಮೇಲೆ ಚೀಲಕ್ಕೆ ಚುಚ್ಚಿ ಸ್ಯಾಂಪಲ್ ತೆಗೆದು ತೇವ ನೋಡುತ್ತಿದ್ದರು. ಈಗ ಲಾರಿ ಸಾಲಿನಲ್ಲಿ ನಿಂತಿರುವಾಗಲೇ ತೆಗೆಯುತ್ತಾರೆ. ತೂಕಕ್ಕೆ ಬರುವ ಹೊತ್ತಿಗೆ, ಚೀಲ ಗೋದಾಮಿಗೋ ಒಣಗಿಸುವ ಕಣಕ್ಕೋ ಎಂಬುದು ತೀರ್ಮಾನವಾಗಿರುತ್ತದೆ.

ಇನ್ನೊಂದು ಪ್ರಶ್ನೆ ಬಿಡಬೇಡಿ: ಇನ್ನೂ ಸರಿಹೋಗದೆ ಇರುವುದೇನು? ಲಾರಿಯ ತಳದ ಚೀಲಗಳು ಸಾಲಿನಲ್ಲಿ ಕೈಗೆ ಸಿಗುವುದಿಲ್ಲ, ಅವನ್ನು ಇಳಿಸುವಾಗಲೇ ನೋಡಬೇಕು. ಇದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಕಣದಲ್ಲಿ ಕೆಲಸ ಮಾಡುವವರಿಗೆ ಈ ವಿಷಯ ಗೊತ್ತಿರುತ್ತದೆ. ನೀವು ಮುಚ್ಚಿಟ್ಟರೆ ಉಳಿದದ್ದನ್ನೂ ಅವರು ನಂಬುವುದಿಲ್ಲ.

ಅಂಕಿ ಒಂದೇ ಸಾಕು, ಆದರೆ ಹೋಲಿಕೆ ನ್ಯಾಯವಾಗಿರಲಿ. ಜನವರಿ, ಫೆಬ್ರುವರಿಯಲ್ಲಿ ರೊಬಸ್ಟಾ ತಳಿಯ ಕಾಫಿ ನುಗ್ಗಿ ಬರುತ್ತದೆ, ಜೂನ್‌ನಲ್ಲಿ ಗೇಟು ಖಾಲಿ. ಹಾಗಾಗಿ ಕಳೆದ ಫೆಬ್ರುವರಿಯನ್ನು ಈ ಫೆಬ್ರುವರಿಯ ಜೊತೆ ಇಟ್ಟು ನೋಡಿ. ಲಾರಿಗಳ ಸಂಖ್ಯೆಯನ್ನೂ ಗೇಟಿನ ರಿಜಿಸ್ಟರ್‌ನಲ್ಲಿ ನೋಡಿಕೊಳ್ಳಿ. ಬೆಳೆಯೇ ಕಮ್ಮಿಯಾಗಿ ಲಾರಿ ಕಮ್ಮಿ ಬಂದಿದ್ದರೆ ಕಾಯುವ ಹೊತ್ತು ತಾನಾಗಿಯೇ ಇಳಿಯುತ್ತದೆ, ಅಲ್ವಾ?

ಈಗ ಬರೆಯಿರಿ. ತಲೆಬರಹ ‘ತೂಕದ ವಿಭಾಗಕ್ಕೆ ಅಭಿನಂದನೆಗಳು’ ಅಂತ ಬೇಡ. ‘ಗೇಟಿನಲ್ಲಿ ಕಾಯುವ ಹೊತ್ತು ಅರ್ಧಕ್ಕಿಂತ ಕಮ್ಮಿ’ ಎಂದಿರಲಿ. ಮೊದಲ ಪ್ಯಾರಾ ಹೀಗೆ:

‘ತೂಕದ ಚೀಟಿಗಳು ಈಗ ಮಧ್ಯಾಹ್ನವೇ ಲೆಕ್ಕಪತ್ರ ವಿಭಾಗ ತಲುಪುತ್ತಿವೆ. ಕಳೆದ ಫೆಬ್ರುವರಿಯಲ್ಲಿ ಒಂದು ಲಾರಿ ಗೇಟಿನಲ್ಲಿ ಸರಾಸರಿ ನಾಲ್ಕು ಗಂಟೆ ಕಾಯುತ್ತಿತ್ತು, ಈ ಫೆಬ್ರುವರಿಯಲ್ಲಿ ಒಂದೂವರೆ. ಲಾರಿ ಸಾಲಿನಲ್ಲಿರುವಾಗಲೇ ಸ್ಯಾಂಪಲ್ ತೆಗೆಯೋಣ ಎಂದು ತೂಕದ ತಂಡ ಮಾಡಿದ ಬದಲಾವಣೆಯ ಫಲ ಇದು.’

ಎರಡನೇ ಪ್ಯಾರಾದಲ್ಲಿ ಕೆಲಸ ಹೇಗೆ ನಡೆಯಿತು ಎಂಬುದು, ಆಮೇಲೆ ಹೆಸರುಗಳು. ಒಟ್ಟು ನೂರೈವತ್ತು ಪದ ದಾಟಬೇಡಿ. ಮ್ಯಾನೇಜರ್ ಹೇಳಿಕೆ ಹಾಕಲೇಬೇಕು ಅಂತಾದರೆ ಕೊನೆಗೆ ಒಂದು ಸಾಲು. ಅದರ ಬದಲು ಲಾರಿ ಡ್ರೈವರ್ ಒಬ್ಬರು ‘ಈಗ ಊಟದ ಹೊತ್ತಿಗೆ ಸಕಲೇಶಪುರದಲ್ಲಿರ್ತೀನಿ’ ಅಂದಿದ್ದರೆ ಅದನ್ನೇ ಹಾಕಿ, ಜಾಸ್ತಿ ಜನ ಓದುತ್ತಾರೆ.

ಹೊಗಳುವ ಭರದಲ್ಲಿ ಬೇರೆಯವರಿಗೆ ಚುಚ್ಚದಂತೆ ನೋಡಿಕೊಳ್ಳಿ. ‘ಮೊದಲು ಪ್ರಯೋಗಾಲಯದವರ ತಡದಿಂದ...’ ಎಂದು ಬರೆದರೆ ಆ ವಿಭಾಗ ಓದುತ್ತದೆ ನಿಜ, ಆದರೆ ಸಿಟ್ಟಿನಿಂದ. ‘ಮೊದಲು ಪರೀಕ್ಷೆ ತೂಕದ ನಂತರ ನಡೆಯುತ್ತಿತ್ತು’ ಎಂದರೆ ಸಾಕು.

ಫೋಟೊದಲ್ಲಿ ಹಾರ ಹಾಕಿಕೊಂಡು ಸಾಲಾಗಿ ನಿಂತವರು ಬೇಡ. ಲಾರಿ ಪಕ್ಕದಲ್ಲಿ ಒಬ್ಬರು ಚೀಲಕ್ಕೆ ಚುಚ್ಚುತ್ತಿರುವ ಚಿತ್ರ ಸಿಕ್ಕರೆ ಅರ್ಧ ವಿವರಣೆ ಅದರಲ್ಲೇ ಮುಗಿಯಿತು.

ಕೊನೆಗೆ ಕರಡನ್ನು ಬೇರೆ ವಿಭಾಗದ ಒಬ್ಬರಿಗೆ ಓದಲು ಕೊಟ್ಟು, ಕಾಗದ ವಾಪಸ್ ತಗೊಂಡು, ‘ಏನಿತ್ತು ಇದರಲ್ಲಿ?’ ಎಂದು ಕೇಳಿ. ‘ತೂಕದವರು ಏನೋ ಒಳ್ಳೆ ಕೆಲಸ ಮಾಡಿದ್ದಾರಂತೆ’ ಅಂದರೆ ಮೊದಲ ಪ್ಯಾರಾ ತಿದ್ದಿ. ‘ಸಾಲಿನಲ್ಲೇ ಸ್ಯಾಂಪಲ್ ತೆಗೀತಾರಂತೆ’ ಅಂದರೆ ಅಚ್ಚಿಗೆ ಕಳಿಸಿ. ಹೆಸರುಗಳ ಪಟ್ಟಿಯನ್ನು ತಂಡದ ಮೇಲ್ವಿಚಾರಕರಿಗೆ ತೋರಿಸಿ, ಗುತ್ತಿಗೆಯ ಹಮಾಲರು ಬಿಟ್ಟುಹೋಗಿದ್ದಾರಾ ಎಂದು ವಿಚಾರಿಸಿ. ಅವರಲ್ಲಿ ಬಹಳ ಜನಕ್ಕೆ ಆಫೀಸಿನ ಇಮೇಲ್ ಇರುವುದಿಲ್ಲ, ಹಾಗಾಗಿ ಒಂದು ಪ್ರತಿಯನ್ನು ಗೇಟಿನ ನೋಟಿಸ್ ಬೋರ್ಡಿಗೂ ಅಂಟಿಸಿ.