ನಿಂತಲ್ಲೇ ನಡುಗುತ್ತಿದ್ದ ಕೇಪ್: ನನ್ನ ಅನುಭವ

ಬಟ್ಟೆಯ ಚಲನೆಯನ್ನು ಕಂಪ್ಯೂಟರ್ ಲೆಕ್ಕಹಾಕಿ ತೋರಿಸುವ ಸಿಮ್ಯುಲೇಷನ್‌ನಲ್ಲಿ, ಪಾತ್ರವು ಅಲುಗಾಡದೆ ನಿಂತಿದ್ದಾಗಲೂ ಅದರ ಕೇಪ್ ಭುಜದ ಕೆಳಗೆ ಸಣ್ಣಗೆ ನಡುಗುತ್ತಿತ್ತು. ಬಟ್ಟೆ ದೇಹದೊಳಗೆ ತೂರದಂತೆ ತಡೆಯುವ ಕೊಲಿಷನ್ ಅನ್ನು ಪೂರ್ತಿ ನಿಲ್ಲಿಸಿ ನೋಡಿದಾಗ ನಡುಕ ಮಾಯವಾಯಿತು. ಆದ್ದರಿಂದ ತೊಂದರೆಯ ಮೂಲ ಬಟ್ಟೆಯಲ್ಲಿರದೆ, ಕೊಲಿಷನ್‌ಗಾಗಿ ದೇಹದ ಬದಲು ಇಟ್ಟ ಸರಳ ಆಕಾರಗಳಾದ ಕ್ಯಾಪ್ಸೂಲ್‌ಗಳಲ್ಲಿದೆ ಎಂಬುದು ಖಚಿತವಾಯಿತು. ಕ್ಯಾಪ್ಸೂಲ್‌ಗಳನ್ನು ತೆರೆಯ ಮೇಲೆ ಬಿಡಿಸಿ ನೋಡಿದರೆ, ಭುಜಕ್ಕೆ ಬಿಗಿದ ಸಾಲಿನ ಕೆಳಗಿನ ಬಿಂದುಗಳ ಸಹಜ ಸ್ಥಾನವೇ ಎದೆಯ ಕ್ಯಾಪ್ಸೂಲ್‌ನ ಒಳಗಿತ್ತು. ಕೊಲಿಷನ್ ಅವುಗಳನ್ನು ಹೊರಕ್ಕೆ ತಳ್ಳುತ್ತಿತ್ತು, ಬಿಂದುಗಳ ನಡುವಿನ ಅಂತರವನ್ನು ಕಾಯುವ ಉದ್ದದ ನಿರ್ಬಂಧ ಮತ್ತೆ ಒಳಕ್ಕೆ ಎಳೆಯುತ್ತಿತ್ತು. ಇಂತಹ ಜಗ್ಗಾಟಕ್ಕೆ ಎರಡೂ ಕಡೆಗೆ ಒಪ್ಪುವ ಪರಿಹಾರವೇ ಇಲ್ಲದ್ದರಿಂದ ನಿರ್ಬಂಧಗಳನ್ನು ಮತ್ತೆ ಮತ್ತೆ ಸರಿಪಡಿಸುವ ಸುತ್ತುಗಳಾದ ಇಟರೇಷನ್‌ಗಳನ್ನು 20ಕ್ಕೆ ಏರಿಸಿದರೂ ಬಟ್ಟೆ ಬಿರುಸಾಯಿತೇ ಹೊರತು ನಡುಕ ನಿಲ್ಲಲಿಲ್ಲ.

ಕ್ಯಾಪ್ಸೂಲ್‌ನ ತ್ರಿಜ್ಯವನ್ನು 14 ಸೆಂಟಿಮೀಟರ್‌ನಿಂದ 11ಕ್ಕೆ ಇಳಿಸಿ, ಬಿಗಿದ ಸಾಲಿನ ಕೆಳಗಿನ ಆ ಮೊದಲ ಸಾಲನ್ನು ಕೊಲಿಷನ್‌ನಿಂದ ಹೊರಗಿಟ್ಟೆ. ಆ ಭಾಗ ಹೇಗೂ ಭುಜಕ್ಕೆ ಅಂಟಿಕೊಂಡೇ ಇರುವುದರಿಂದ ಬಟ್ಟೆ ದೇಹದೊಳಗೆ ತೂರಿದಂತೆ ಕಾಣಲಿಲ್ಲ.

ಓಟ ನಿಂತ ಮೇಲೂ ಉಳಿಯುತ್ತಿದ್ದ ತೂಗಾಟಕ್ಕೆ ಮಾತ್ರ, ವೇಗವನ್ನು ತಗ್ಗಿಸುವ ಡ್ಯಾಂಪಿಂಗ್ ಬಳಸಿದೆ. ಸಿಮ್ಯುಲೇಷನ್ ಸೆಕೆಂಡಿಗೆ 60 ಹೆಜ್ಜೆ ಮುಂದುವರಿಯುವ ಲೆಕ್ಕದಲ್ಲಿ, ಪ್ರತಿ ಹೆಜ್ಜೆಗೆ ವೇಗದ 2 ಶೇಕಡಾ ಕಳೆದರೆ ಒಂದು ಸೆಕೆಂಡಿನಲ್ಲಿ ಸುಮಾರು 30 ಶೇಕಡಾ ಉಳಿಯುತ್ತದೆ; 10 ಶೇಕಡಾ ಕಳೆದರೆ ಬಹುತೇಕ ಏನೂ ಉಳಿಯದೆ, ಕೇಪ್ ನೀರಿನಲ್ಲಿ ಮುಳುಗಿದಂತೆ ಕಾಣುತ್ತದೆ. ನಾನು 2ರಲ್ಲೇ ನಿಂತೆ.

ಕೊನೆಗೆ ಇಟರೇಷನ್‌ಗಳನ್ನು 6ಕ್ಕೆ ಇಳಿಸಿದೆ. ಬಿಂದುಗಳ ಸ್ಥಾನವನ್ನೇ ನೇರವಾಗಿ ತಿದ್ದುವ ಪೊಸಿಷನ್ ಆಧಾರಿತ ಸಾಲ್ವರ್‌ನಲ್ಲಿ ಬಿರುಸು ಇಟರೇಷನ್ ಮತ್ತು ಹೆಜ್ಜೆಯ ಅವಧಿ ಎರಡನ್ನೂ ಅವಲಂಬಿಸುವುದರಿಂದ, ಹೆಜ್ಜೆಯನ್ನು 1/60 ಸೆಕೆಂಡಿಗೆ ಸ್ಥಿರಗೊಳಿಸಿದ ನಂತರವೇ ಫ್ರೇಮ್ ದರ 30ಕ್ಕೆ ಕುಸಿದಾಗಲೂ ಕೇಪ್ ಒಂದೇ ರೀತಿ ಇಳಿಬಿದ್ದಿತು.