ಸಿಟ್ಟಿನ ಮೆಸೇಜಿಗೆ ಎರಡು ಕಂತಿನ ಉತ್ತರ: ನನ್ನ ಅನುಭವ

ನಾನು ಬೆಂಗಳೂರಿನಲ್ಲಿ, ಹೆಂಡತಿ ಶಿವಮೊಗ್ಗದಲ್ಲಿ. ಅವಳು ಹೈಸ್ಕೂಲ್ ಟೀಚರ್. ಅಮ್ಮ, ಮಗಳು ಅವಳ ಜೊತೆ ಇದ್ದಾರೆ. ಶನಿವಾರ ಸಂಜೆ ಹೋಗಿ ಭಾನುವಾರ ರಾತ್ರಿ ವಾಪಸ್ ಬರೋ ಸಂಸಾರ ನಮ್ಮದು. ಹಾಗಾಗಿ ನಮ್ಮ ಜಗಳ ಮುಕ್ಕಾಲು ಪಾಲು ನಡೆಯೋದು ವಾಟ್ಸಾಪ್‌ನಲ್ಲೇ. ಇಂಥ ಸಂಸಾರ ಮಾಡುತ್ತಿರುವವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಸುಮಾರು ಎರಡು ವರ್ಷದಿಂದ ಒಂದು ಪದ್ಧತಿ ಹಿಡಿದಿದ್ದೇನೆ. ಶುರು ಮಾಡಿದಾಗ ಭಾವಮೈದ "ಹೆಂಡತಿ ಮೆಸೇಜಿಗೂ ಟೈಮ್‌ಟೇಬಲ್ ಬೇಕಾ ಭಾವ?" ಅಂದಿದ್ದ. ಈಗ ಅವನೇ ರಾತ್ರಿ ಫೋನ್ ಮಾಡಿ "ಇದಕ್ಕೆ ಎಷ್ಟು ಹೊತ್ತು ಬಿಡಲಿ?" ಅಂತ ಕೇಳುತ್ತಾನೆ.

ಕೆಲಸ ಮಾಡದೇ ಹೋದವನ್ನು ಮೊದಲು ಹೇಳಿಬಿಡುತ್ತೇನೆ. ಅಮ್ಮನ ಸಲಹೆ, "ಸುಮ್ಮನಿದ್ದುಬಿಡು, ತಾನಾಗೇ ತಣ್ಣಗಾಗ್ತಾಳೆ" ಅಂತ. ಒಂದೇ ಮನೆಯಲ್ಲಿದ್ದರೆ ಅದು ನಡೆಯುತ್ತೆ, ಯಾಕೆಂದರೆ ಸುಮ್ಮನಿರುವವರ ಮುಖ ಕಾಣುತ್ತಿರುತ್ತೆ. ಮುನ್ನೂರು ಕಿಲೋಮೀಟರ್ ದೂರದಲ್ಲಿ ಕಾಣೋದು ಎರಡು ನೀಲಿ ಗೆರೆ ಮಾತ್ರ. ನೀಲಿ ಗೆರೆಯೇ ಬೇಡ ಅಂತ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ ನೋಡಿದೆ. ಆಗ ಅವಳು ಓದಿದ್ದಾಳೋ ಇಲ್ಲವೋ ಅನ್ನೋದು ನನಗೂ ಕಾಣೋದು ನಿಂತಿತು. ಅವಳು ವಾಯ್ಸ್ ಮೆಸೇಜ್ ಕಳಿಸಿದಾಗ ನಾನು ಕೇಳಿದ್ದು ಮಾತ್ರ ಅವಳಿಗೆ ಗೊತ್ತಾಗುತ್ತಲೇ ಇತ್ತು, ಅದಕ್ಕೆ ಆ ಸೆಟ್ಟಿಂಗ್ ನಡೆಯೋದಿಲ್ಲ. "ಯಾಕೆ ಆಫ್ ಮಾಡಿದ್ರಿ?" ಅನ್ನೋದೇ ಹೊಸ ಜಗಳವಾಯಿತು. ತಕ್ಷಣ "ಸಾರಿ" ಅಂತ ಕಳಿಸೋದನ್ನೂ ನೋಡಿದ್ದಾಯಿತು. "ಯಾವುದಕ್ಕೆ ಸಾರಿ?" ಅಂತ ತಿರುಗಿ ಬರುತ್ತೆ. ಪೂರ್ತಿ ಓದದೆ ಕಳಿಸಿದ್ದು ಅಂತ ಅವಳಿಗೆ ಗೊತ್ತಾಗಿಬಿಡುತ್ತೆ.

ದುಡ್ಡೂ ಸಾಕಷ್ಟು ಹೋಗಿದೆ. ಮೆಸೇಜಿನಲ್ಲಿ ಮಾತು ಕೈಮೀರಿ ರಾತ್ರೋರಾತ್ರಿ ಟ್ಯಾಕ್ಸಿ ಮಾಡಿಕೊಂಡು ಊರಿಗೆ ಹೋದದ್ದಕ್ಕೆ ಒಂದು ಸಲಕ್ಕೆ ಆರು ಸಾವಿರದ ಮೇಲೆ ಆಗುತ್ತಿತ್ತು. ಸಿಹಿ, ಹೂವು, ಸೀರೆ ಅಂತ ಕಳಿಸಿದ್ದೆಲ್ಲ ಸೇರಿ ಹದಿನೈದು ಸಾವಿರವಾದರೂ ಆಗಿರಬೇಕು. ಉತ್ತರದ ಜಾಗದಲ್ಲಿ ಉಡುಗೊರೆ ಬಂದರೆ ಅವಳಿಗೆ ಬಾಯಿ ಮುಚ್ಚಿಸಿದ ಹಾಗೆ ಅನಿಸುತ್ತೆ. ಆ ಸೀರೆ ಇವತ್ತಿಗೂ ಪ್ಯಾಕೆಟ್ ಒಳಗೇ ಇದೆ. ಇಬ್ಬರೂ ಆಪ್ತಸಮಾಲೋಚಕರ ಹತ್ತಿರ ನಾಲ್ಕೈದು ಸಲ ಹೋದೆವು, ಸಲಕ್ಕೆ ಸಾವಿರದೈನೂರೋ ಏನೋ. ಆ ದುಡ್ಡು ಮಾತ್ರ ದಂಡವಾಗಲಿಲ್ಲ. ಅವರು ಹೇಳಿದ ಒಂದು ಮಾತಿನಿಂದ ಪದ್ಧತಿಯ ಅರ್ಧ ಹುಟ್ಟಿತು.

ಅವರು ಹೇಳಿದ್ದು ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಗಾಟ್‌ಮನ್ ಬಗ್ಗೆ. ಆತ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಗಂಡ ಹೆಂಡಿರನ್ನು ಕೂರಿಸಿ, ಜಗಳ ಆಡುವಾಗ ಅವರ ನಾಡಿಬಡಿತ ಅಳೆಯುತ್ತಿದ್ದರು. ಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ಸರಿಯಾಗಿ ತಲೆಗೆ ಹೋಗೋದಿಲ್ಲ, ಇಳಿಯೋದಕ್ಕೆ ಕಡಿಮೆ ಅಂದರೂ 20 ನಿಮಿಷ ಬೇಕು ಅನ್ನೋದು ಅವರ ಲೆಕ್ಕ. ಒಮ್ಮೆ ಯಂತ್ರ ಸರಿಮಾಡಬೇಕು ಅಂತ ನೆಪ ಹೇಳಿ ಜಗಳವನ್ನು ನಡುವೆ ನಿಲ್ಲಿಸಿ, ದಂಪತಿಗಳಿಗೆ ಪತ್ರಿಕೆ ಓದೋಕೆ ಕೊಟ್ಟರಂತೆ. ಮತ್ತೆ ಶುರುವಾದಾಗ ಅದೇ ಜನ ಬೇರೆಯವರ ಹಾಗೆ ಮಾತಾಡಿದರಂತೆ.

ಮನೆಯಲ್ಲಿ ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಹಾಕೋ ಆಕ್ಸಿಮೀಟರ್ ಇತ್ತು. ಅದರಲ್ಲಿ ನಾಡಿಬಡಿತವೂ ಕಾಣುತ್ತೆ. ಸುಮ್ಮನೆ ಕೂತಾಗ ನನ್ನದು ಎಪ್ಪತ್ತೈದರ ಸುಮಾರು. ಅವಳ ಸಿಟ್ಟಿನ ಮೆಸೇಜ್ ಓದಿದ ತಕ್ಷಣ ಹಾಕಿಕೊಂಡರೆ ನೂರ ಐದು, ನೂರ ಎಂಟು. ಕುರ್ಚಿಯಿಂದ ಎದ್ದಿರಲೂ ಇಲ್ಲ! ಟೆರೇಸಿನಲ್ಲಿ ನಿಧಾನ ಓಡಾಡಿ ಬಂದು ಕೂತರೆ ಇಪ್ಪತ್ತೈದು ನಿಮಿಷಕ್ಕೆ ಎಂಬತ್ತಕ್ಕೆ ಬರುತ್ತೆ. ನಡುವೆ ಆ ಮೆಸೇಜನ್ನು ಇನ್ನೊಂದು ಸಲ ತೆಗೆದು ನೋಡಿದರೆ ಮತ್ತೆ ಮೇಲೇರುತ್ತೆ, ಲೆಕ್ಕ ಮೊದಲಿಂದ ಶುರು. ಮನಸ್ಸಿನಲ್ಲೇ ಉತ್ತರ ಜೋಡಿಸುತ್ತಾ ಓಡಾಡಿದರೂ ಇಳಿಯೋದಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಬಟ್ಟೆ ಮಡಚುತ್ತೇನೆ, ಇಲ್ಲವೇ ಪಾತ್ರೆ ತೊಳೆಯುತ್ತೇನೆ. ಕ್ರಿಕೆಟ್ ನೋಡಿದ್ದೂ ಉಂಟು. ಕೊನೆ ಓವರ್‌ಗಳು ಬಂದರೆ ಅದು ಉಪಯೋಗಕ್ಕೆ ಬರಲಿಲ್ಲ.

ಆದರೆ ನನ್ನ ನಾಡಿ ಇಳಿಯೋವರೆಗೆ ಅಲ್ಲಿ ಅವಳದು ಏರುತ್ತಿರುತ್ತಲ್ಲ, ಅದೇ ದೊಡ್ಡ ತೊಡಕು. ಅದಕ್ಕೆ ಉತ್ತರವನ್ನು ಎರಡು ಕಂತು ಮಾಡಿದೆ. ಓದಿದ ಐದು ಹತ್ತು ನಿಮಿಷದಲ್ಲಿ ಮೊದಲ ಕಂತು: ಓದಿದ್ದೇನೆ, ಇಂಥ ಕೆಲಸ ಈಗಲೇ ಮಾಡುತ್ತೇನೆ, ಮಿಕ್ಕಿದ್ದಕ್ಕೆ ಇಷ್ಟು ಗಂಟೆಗೆ ಬರೆಯುತ್ತೇನೆ. ಎರಡು ಮೂರು ಸಾಲು, ಅಷ್ಟೇ. ಅದರಲ್ಲಿ ವಾದ ಇರಬಾರದು, ಗಂಟೆ ಮಾತ್ರ ಇರಲೇಬೇಕು. "ಆಮೇಲೆ ಮಾತಾಡ್ತೀನಿ" ಅಂದರೆ ತಪ್ಪಿಸಿಕೊಂಡ ಹಾಗೆ ಕೇಳುತ್ತೆ, "ಎಂಟೂವರೆಗೆ" ಅಂದರೆ ಹಾಗಲ್ಲ. ಎರಡನೇ ಕಂತು ಅರ್ಧ ಗಂಟೆಯಿಂದ ಎರಡು ಗಂಟೆಯ ಒಳಗೆ.

ಒಂದು ಪ್ರಸಂಗ ಪೂರ್ತಿ ಹೇಳುತ್ತೇನೆ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಒಂದು ಬುಧವಾರ ಸಂಜೆ ಆರೂ ಮುಕ್ಕಾಲಿಗೆ ಬಂದದ್ದು: "ನಿಮ್ಮ ಅಕ್ಕನ ಮನೆಯವರು ಐದು ಜನ ಬಂದಿದ್ದಾರೆ. ನಿಮಗೆ ಮೊದಲೇ ಗೊತ್ತಿತ್ತು. ನಾಳೆ ನನ್ನ ವ್ಯಾಲ್ಯುಯೇಷನ್ ಕೊನೆ ದಿನ. ನಾನೇನು ಈ ಮನೇಲಿ ಅಡುಗೆಯವಳಾ?" ಮಾಮೂಲಾಗಿ ನನ್ನನ್ನು "ನೀನು" ಅನ್ನುವವಳು "ನೀವು" ಅಂದಿದ್ದಾಳೆ ಅಂದರೆ ಸಿಟ್ಟು ಮೇಲುಮೇಲಿನದಲ್ಲ.

ನಾಲ್ಕು ಸಾಲಿನಲ್ಲಿ ನನಗೆ ಚುಚ್ಚಿದ್ದು ಎರಡನೆಯದು, ಯಾಕೆಂದರೆ ಅಕ್ಕ ಬರುವ ವಿಷಯ ನನಗೆ ನಿಜವಾಗಿ ಗೊತ್ತಿರಲಿಲ್ಲ. ಅವಳಿಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಮೂರನೆಯದಕ್ಕೆ ಪರಿಹಾರ. ಸಿಟ್ಟಿನ ಮೆಸೇಜುಗಳಲ್ಲಿ ಬಹಳ ಸಲ ಹೀಗೇ. ನಮ್ಮನ್ನು ಚುಚ್ಚಿದ ಸಾಲು ಬೇರೆ, ಅವರ ಕಷ್ಟ ಇರುವ ಸಾಲು ಬೇರೆ. ಮೊದಲ ಕಂತು ಕಷ್ಟದ ಸಾಲಿಗೆ ಹೋಗಬೇಕು. ಕಳಿಸಿದೆ: "ಓದಿದೆ. ರಾತ್ರಿ ಊಟ ಮೆಸ್‌ನಿಂದ ತರಿಸ್ತೀನಿ, ನೀನು ಒಲೆ ಹಚ್ಚಬೇಡ. ಮಿಕ್ಕಿದ್ದಕ್ಕೆ ಎಂಟೂವರೆಗೆ ಬರೀತೀನಿ." ಮನೆ ಹತ್ತಿರದ ಮೆಸ್‌ಗೆ ಫೋನ್ ಮಾಡಿ ಎಂಟು ಜನರ ಊಟ, ಬೆಳಿಗ್ಗೆಯ ತಿಂಡಿ ಹೇಳಿದೆ. ಎರಡೂ ಸೇರಿ ಸಾವಿರದ ಇನ್ನೂರರ ಹತ್ತಿರ ಆಯಿತು. ಟ್ಯಾಕ್ಸಿ ಖರ್ಚಿನ ಮುಂದೆ ಅದು ಯಾವ ಲೆಕ್ಕ?

ಆಮೇಲೆ ಎರಡನೆಯದರ ಕರಡು. ಕರಡನ್ನು ಅವಳ ಚಾಟ್ ತೆರೆದು ಬರೆಯಬೇಡಿ. ಅಲ್ಲಿ "ಟೈಪಿಂಗ್" ಅಂತ ಕಾಣಿಸಿಕೊಂಡು, ನಿಂತು, ಮತ್ತೆ ಕಾಣಿಸಿಕೊಂಡು, ಆ ಕಡೆಯವರ ಎದೆ ಹೊಡೆದುಕೊಳ್ಳುತ್ತೆ. ನಾನು ವಾಟ್ಸಾಪ್‌ನಲ್ಲೇ ನನ್ನ ನಂಬರಿಗೆ ನಾನೇ ಕಳಿಸಿಕೊಳ್ಳುವ ಚಾಟ್‌ನಲ್ಲಿ ಬರೆಯುತ್ತೇನೆ. ಕಳಿಸಿದ ಮೇಲೆ ತಿದ್ದೋದಕ್ಕೆ 15 ನಿಮಿಷ ಸಿಗುತ್ತೆ, ತಿದ್ದಿದ್ದು ಅನ್ನೋ ಗುರುತೂ ಬೀಳುತ್ತೆ. ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತೆ, ಅದು ಇನ್ನೂ ಕೆಟ್ಟದ್ದು. ಏನು ಬರೆದಿದ್ದ ಅಂತ ಅವಳು ರಾತ್ರಿಯೆಲ್ಲ ಊಹಿಸಬೇಕಾಗುತ್ತೆ.

ಮೊದಲ ಕರಡು ಹೀಗಿತ್ತು: "ನನಗೆ ಗೊತ್ತೇ ಇರಲಿಲ್ಲ. ಬೇಕಾದ್ರೆ ಅಕ್ಕನ್ನೇ ಕೇಳು. ನೀನು ಯಾವಾಗಲೂ ಹೀಗೇ ಅಂದುಕೊಳ್ತೀಯ." ಅದರಲ್ಲಿ ಸುಳ್ಳೇನಿಲ್ಲ. ಆದರೆ ಅಕ್ಕನನ್ನು ಸಾಕ್ಷಿಗೆ ಎಳೆದರೆ ಜಗಳ ಇಬ್ಬರದಿದ್ದದ್ದು ಮೂವರದಾಗುತ್ತೆ, ಅದೂ ಅಕ್ಕ ಪಕ್ಕದ ಕೋಣೆಯಲ್ಲೇ ಇರುವಾಗ. "ಯಾವಾಗಲೂ" ಬಂತು ಅಂದರೆ ನಾಡಿ ಇನ್ನೂ ಇಳಿದಿಲ್ಲ ಅಂತಲೇ ತಿಳಿಯುತ್ತೇನೆ. ಇನ್ನೂ ಒಂದು ಗುರುತಿದೆ. ನನ್ನ ಉತ್ತರ ಅವಳ ಮೆಸೇಜಿಗಿಂತ ತುಂಬಾ ಉದ್ದವಾಗಿದ್ದರೆ ನಾನು ಉತ್ತರ ಕೊಡುತ್ತಿಲ್ಲ, ಕೇಸು ನಡೆಸುತ್ತಿದ್ದೇನೆ.

ಎಂಟೂ ಇಪ್ಪತ್ತೈದಕ್ಕೆ ಹೋದದ್ದು: "ನಾಳೆ ವ್ಯಾಲ್ಯುಯೇಷನ್ ಕೊನೆ ದಿನ, ಅದರ ಮಧ್ಯೆ ಐದು ಜನ ಅಂದ್ರೆ ಸಿಟ್ಟು ಬರದೇ ಇರುತ್ತಾ. ಬೆಳಿಗ್ಗೆ ತಿಂಡಿ ಏಳೂವರೆಗೆ ಬರುತ್ತೆ. ಅವರು ಬಂದದ್ದು ನನಗೂ ನಿನ್ನ ಮೆಸೇಜಿಂದಲೇ ಗೊತ್ತಾಗಿದ್ದು. ಇನ್ನು ಮುಂದೆ ಬರೋ ಮುಂಚೆ ನಿನಗೆ ಫೋನ್ ಮಾಡಬೇಕು ಅಂತ ಅಕ್ಕನಿಗೆ ನಾನೇ ಹೇಳ್ತೀನಿ." ನನ್ನ ಸಮರ್ಥನೆ ಮೂರನೇ ಸಾಲಿನಲ್ಲಿದೆ, ಒಂದೇ ಸಲ, ವಿಶೇಷಣ ಇಲ್ಲದೆ. ಮೊದಲ ಸಾಲಿನಲ್ಲಿ ಅದೇ ಇದ್ದಿದ್ದರೆ ಉಳಿದದ್ದನ್ನು ಅವಳು ಓದುತ್ತಿರಲಿಲ್ಲ. "ಅಡುಗೆಯವಳಾ" ಅನ್ನೋ ಪ್ರಶ್ನೆಗೆ ಬರಹದಲ್ಲಿ ಕೈ ಹಾಕಲಿಲ್ಲ. ಅದು ಶನಿವಾರ ಎದುರು ಕೂತು ಆಡಬೇಕಾದ ಮಾತು, ಆಡಿದೆವು. ಒಂಬತ್ತರ ಸುಮಾರಿಗೆ ಅವಳಿಂದ ಬಂದದ್ದು: "ಸರಿ. ನಿಂದು ಊಟ ಆಯ್ತಾ?"

ಎರಡನೇ ಕಂತಿನ ಕೊನೆಗೆ ನಾನು ಸೇರಿಸುವ ಒಂದು ಸಾಲಿದೆ. ಮೇಲಿನದರಲ್ಲಿ ಅದನ್ನು ಬಿಟ್ಟು ಬರೆದಿದ್ದೇನೆ. ಅದು ನಮ್ಮಿಬ್ಬರದು, ಇಲ್ಲಿ ಹೇಳುವುದಿಲ್ಲ.

ಎಷ್ಟು ಕಾಯಬೇಕು ಅನ್ನೋದಕ್ಕೆ ನನ್ನ ನಾಡಿ ಒಂದು ಅಳತೆಯಾದರೆ, ಅವಳ ಗಡಿಯಾರ ಇನ್ನೊಂದು. ಮಧ್ಯಾಹ್ನ ಬಂದ ಮೆಸೇಜಿಗೆ ನಾನು ಮೂರು ಗಂಟೆಗೇ ಸಿದ್ಧವಿದ್ದರೂ ಶಾಲೆ ಬಿಡೋವರೆಗೆ ಕಳಿಸೋದಿಲ್ಲ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ನಡುವೆ ಓದಿದರೆ ಒಳ್ಳೆಯ ಮಾತೂ ಬೇರೆ ಥರ ಕೇಳುತ್ತೆ. ಹಾಗಿದ್ದಾಗ ಮೊದಲ ಕಂತಿನಲ್ಲೇ "ಐದು ಗಂಟೆಗೆ" ಅಂದಿರುತ್ತೇನೆ. ಹೇಳಿದ ಹೊತ್ತು ಮೀರಿದರೆ ತಡವಾಯಿತು ಅಂತಲೇ ಅರ್ಥ, ಎಷ್ಟೇ ಚೆನ್ನಾಗಿ ಬರೆದಿರಲಿ. ನಡುವೆ ಅವಳಿಂದ "ಪರವಾಗಿಲ್ಲ ಬಿಡಿ" ಬಂದರೆ ಕಾದದ್ದು ಜಾಸ್ತಿಯಾಗಿದೆ. ಆಗ ಕರಡು ಪಕ್ಕಕ್ಕಿಟ್ಟು ಫೋನ್ ಮಾಡುತ್ತೇನೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ವಾಯ್ಸ್ ಮೆಸೇಜಿನಲ್ಲಿ ದನಿ ಕೇಳಿಸುತ್ತೆ ಅಂತ ಎರಡನೇ ಕಂತನ್ನು ಹಾಗೆ ಕಳಿಸಿ ನೋಡಿದೆ. ಅಮ್ಮ, ಮಗಳು ಇರುವ ಮನೆಯಲ್ಲಿ ಅವಳಿಗೆ ಅದನ್ನು ಕೇಳೋಕೆ ಜಾಗವೇ ಸಿಗಲಿಲ್ಲ. ಕೈ ಮುಗಿಯುವ ಎಮೋಜಿಯನ್ನು ಕ್ಷಮೆ ಅಂತ ಹಾಕಿದರೆ ಅವಳು "ಸಾಕು ಮಾರಾಯ್ತಿ" ಅಂತ ಓದಿಕೊಂಡಳು. ಆವತ್ತಿನಿಂದ ಎಮೋಜಿ ಪೂರ್ತಿ ಬಂದ್. ಹಳಗಾಲದವರ ಹಾಗೆ ಕಾಗದದಲ್ಲಿ ಬರೆದು ಫೋಟೋ ಕಳಿಸಿದ್ದು ಚೆನ್ನಾಗಿ ನಡೆಯಿತು. ಆದರೆ ಅದನ್ನು ತಿಂಗಳಿಗೊಮ್ಮೆ ಮಾಡಿದರೆ ಬೆಲೆ ಉಳಿಯೋದಿಲ್ಲ.

ಈ ಪದ್ಧತಿ ನಡೆಯದ ಜಾಗವೂ ಇದೆ. ಬೆದರಿಕೆ, ಹೊಡೆತ, ಫೋನ್ ಕಸಿದುಕೊಳ್ಳುವುದು ಇರುವ ಮನೆಯಲ್ಲಿ ಇದನ್ನು ಹಿಡಿದು ಕೂರಬಾರದು. ಅಲ್ಲಿ ಬೇಕಾದದ್ದು ಸುರಕ್ಷತೆ. ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ. ಹಾಗೆಯೇ "ನನಗೆ ಬದುಕೋದೇ ಬೇಡ ಅನ್ನಿಸ್ತಿದೆ" ಅನ್ನುವಂಥ ಸಾಲು ಬಂದರೆ ಕಂತೂ ಇಲ್ಲ, ಕಾಯುವುದೂ ಇಲ್ಲ. ತಕ್ಷಣ ಫೋನ್ ಮಾಡಬೇಕು, ಎತ್ತದಿದ್ದರೆ ಪಕ್ಕದ ಮನೆಯವರಿಗೆ ಮಾಡಬೇಕು.

ರಾತ್ರಿ ಹತ್ತೂವರೆ ಮೇಲೆ ಬರುವ ಮೆಸೇಜಿಗೆ ನನ್ನ ರೂಢಿ ಬೇರೆ. ಎರಡು ಗಂಟೆ ಕಾದರೆ ಅವಳ ನಿದ್ದೆ ಹೋಗುತ್ತೆ, ಬೆಳಿಗ್ಗೆ ಆರಕ್ಕೆ ಏಳುವವಳು. ಆಗ ಮೊದಲ ಕಂತಿನಲ್ಲೇ ಅವಳು ಹೇಳಿದ್ದರಲ್ಲಿ ನಾನು ಒಪ್ಪುವ ಒಂದು ವಿಷಯವನ್ನು ಹೆಸರಿಸಿ ಬರೆದು, "ಉಳಿದದ್ದು ಬೆಳಿಗ್ಗೆ ಬಸ್ ಹತ್ತಿದ ಮೇಲೆ ಫೋನಿನಲ್ಲಿ" ಅನ್ನುತ್ತೇನೆ. ಏಳೂ ಐವತ್ತಕ್ಕೆ ಅವಳ ಬಸ್ಸು. ಎಂಟಕ್ಕೆ ಸರಿಯಾಗಿ ನಾನೇ ಮಾಡುತ್ತೇನೆ, ಅವಳು ಮಾಡೋವರೆಗೆ ಕಾಯುವುದಿಲ್ಲ.